ಮೂರು ವರ್ಷದ ಕರಾರು

ನಮ್ಮ ಸೀಮೆಯಲ್ಲಿ ಬಾಡಿಗೆಯ ಕರಾರು ಎಂದರೆ 11 ತಿಂಗಳ ಕರಾರೆಂಬುದು ರೂಢಿಯಾಗಿ ಹೋಗಿದೆ. ಹನ್ನೆರಡೇಕಾಗಬಾರದೆಂದು ಕೇಳಿದರೆ, ಮನೆಯ ಯಜಮಾನರೂ ಬಾಡಿಗೆಯವರೂ ಹಾಗೆಯೇ ನಡೆದುಬಂದಿದೆಯೆಂದು ಸುಮ್ಮನಾಗುವರು. ಇದರ ಕಾರಣ 1908ರ ನೋಂದಣಿ ಕಾಯಿದೆಯಲ್ಲಿದೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆಯ ಪತ್ರವನ್ನು ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ರಿಜಿಸ್ಟರು ಮಾಡಿಸಲೇಬೇಕೆಂದು ಆ ಕಾಯಿದೆಯ ವಿಧಿ. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಿಕೊಳ್ಳುವುದಕ್ಕೋಸ್ಕರ ಜನರು ಒಂದು ತಿಂಗಳನ್ನು ಕಡಿಮೆ ಮಾಡಿಕೊಂಡರು. ಈ ಉಳಿತಾಯಕ್ಕೆ ಎರಡು ಕಡೆಯವರೂ ಎಷ್ಟು ಬೆಲೆ ತೆರುತ್ತಿರುವರೆಂಬುದನ್ನು ನನ್ನ ಅನುಭವದಿಂದ ಹೇಳಬೇಕೆಂದಿದ್ದೇನೆ.

ನಾನು ಇರುವುದು ಹರಿಹರದಲ್ಲಿ. ತಂದೆಯವರ ಕಾಲದಿಂದ ಬಂದ ಒಂದು ಸಣ್ಣ ಮನೆ ದಾವಣಗೆರೆಯಲ್ಲಿದೆ. ಅದರ ಬಾಡಿಗೆಯೇ ನನ್ನ ಮತ್ತು ನನ್ನ ಮನೆಯವರ ಔಷಧೋಪಚಾರಕ್ಕೂ ತಿಂಗಳ ದಿನಸಿಗೂ ಆಧಾರ. ಆ ಮನೆಯಲ್ಲಿ ಕಾಲೇಜಿನ ಉಪಾಧ್ಯಾಯರೊಬ್ಬರ ಕುಟುಂಬವಿದೆ. ಬಾಡಿಗೆ 8,000 ರೂಪಾಯಿ. 2025ರ ಮೇ ತಿಂಗಳಿಗೆ ಅವರ ಕರಾರು ಮುಗಿಯುವುದಿತ್ತು. ಅವರ ಮಗಳು ಜೂನಿನಲ್ಲಿ ಎಂಟನೆಯ ತರಗತಿಗೆ ಹೋಗುವವಳಿದ್ದಳು. ಎಂಟು, ಒಂಬತ್ತು, ಹತ್ತು: ಎಸ್.ಎಸ್.ಎಲ್.ಸಿ. ಮುಗಿಯುವುದಕ್ಕೆ ಸರಿಯಾಗಿ ಮೂರು ವರ್ಷ. ಈ ಲೆಕ್ಕ ನನ್ನ ಮನಸ್ಸಿಗೆ ಬಂದಮೇಲೆ, ಮೂರು ವರ್ಷದ ಕರಾರು ಮಾಡೋಣ, ಬಾಡಿಗೆ ವರ್ಷಕ್ಕೆ ನೂರಕ್ಕೆ ಐದರಂತೆ ಮಾತ್ರ ಏರಲಿ ಎಂದು ಅವರಿಗೆ ಕಾಗದ ಬರೆದೆನು. ಮುಂದಿನ ಭಾನುವಾರ ನಾನೇ ಹೋದೆನು.

ಮೇಷ್ಟ್ರು ಸಂಕೋಚದ ಸ್ವಭಾವದವರು. ಪ್ರಶ್ನೆಗಳನ್ನೆಲ್ಲ ಕೇಳಿದವರು ಅವರ ಹೆಂಡತಿ. "ರಾಯರೇ, ಪೇಟೆಯಲ್ಲಿ ನೂರಕ್ಕೆ ಹತ್ತು ಏರಿಸುವವರಿರುವಾಗ ನೀವು ಐದಕ್ಕೆ ಒಪ್ಪುವುದೇಕೆ?" ಎಂದು ಆಕೆ ಮೊದಲು ಕೇಳಿದರು. ಉಪಕಾರವೆಂದು ಹೇಳಿದರೆ ನಂಬುವ ಹೆಂಗಸಲ್ಲ. ನಾನು ಲೆಕ್ಕವನ್ನೇ ಮುಂದಿಟ್ಟೆನು.

ಐದರಂತೆ ಏರಿದರೆ ಮೊದಲನೆಯ ವರ್ಷ ತಿಂಗಳಿಗೆ 8,000, ಎರಡನೆಯ ವರ್ಷ 8,400, ಮೂರನೆಯ ವರ್ಷ 8,820. ಮೂರು ವರ್ಷಕ್ಕೆ ನನಗೆ ಬರುವ ಒಟ್ಟು ಹಣ 3,02,640 ರೂಪಾಯಿ. ಹತ್ತರಂತೆ ಏರಿಸಿದರೆ 8,000, 8,800, 9,680, ಒಟ್ಟು 3,17,760. ಎರಡಕ್ಕೂ ಇರುವ ಅಂತರ 15,120 ರೂಪಾಯಿ. ಆದರೆ ಹತ್ತನ್ನು ತಾಳಲಾರದೆ ಬಾಡಿಗೆಯವರು ನಡುವೆ ಬಿಟ್ಟುಹೋಗಿ, ಎರಡನೆಯ ವರ್ಷದಲ್ಲಿ ಮನೆ ಎರಡೇ ತಿಂಗಳು ಖಾಲಿ ಬಿದ್ದರೂ ನನಗೆ 17,600 ರೂಪಾಯಿ ನಷ್ಟ. ಸುಣ್ಣಬಣ್ಣದ ಖರ್ಚೂ ದಲ್ಲಾಳಿಯ ಹಣವೂ ಅದಕ್ಕೆ ಬೇರೆ. ಹೀಗೆ ಹತ್ತರ ಆಸೆ ಒಂದೇ ಸಲದ ಖಾಲಿ ಬೀಳುವಿಕೆಯಿಂದ ಕರಗಿಹೋಗುವುದು. ಬಾಡಿಗೆಯವರಿಗಾದರೋ, ಮೂರನೆಯ ವರ್ಷ ತಾವು ಎಷ್ಟು ಕೊಡಬೇಕೆಂಬುದು ಇಂದೇ ತಿಳಿಯುವುದು; ಮನೆ ಬದಲಾಯಿಸುವ ಸಾಗಾಣಿಕೆಯೂ ಹೊಸ ಮುಂಗಡವೂ ತಪ್ಪುವುದು.

ಆಕೆ ಕಾಗದವನ್ನು ನೋಡಿ, "ನೂರಕ್ಕೆ ಐದು ಎಂದು ಬರೆಯಬೇಡಿರಿ, ರೂಪಾಯಿಯನ್ನೇ ಬರೆಯಿರಿ" ಎಂದರು. ಮಾತು ಸರಿಯಾಗಿತ್ತು. ಐದನ್ನು ಮೊದಲ ಬಾಡಿಗೆಯ ಮೇಲೆ ಹಿಡಿದರೆ ಮೂರನೆಯ ವರ್ಷ 8,800, ಹಿಂದಿನ ವರ್ಷದ ಬಾಡಿಗೆಯ ಮೇಲೆ ಹಿಡಿದರೆ 8,820. ತಿಂಗಳಿಗೆ 20 ರೂಪಾಯಿ ದೊಡ್ಡದಲ್ಲ. ಆದರೆ ಮನೆಯವರಿಗೂ ಬಾಡಿಗೆಯವರಿಗೂ ಮನಸ್ಸು ಮುರಿಯುವುದಕ್ಕೆ ಅಷ್ಟೇ ಸಾಕು. ಪತ್ರದಲ್ಲಿ ಮೂರು ವರ್ಷದ ಮೂರು ಮೊತ್ತಗಳನ್ನೂ, ಅವು ಪ್ರತಿ ಜೂನ್ 1ರಿಂದ ಜಾರಿಗೆ ಬರತಕ್ಕವೆಂಬುದನ್ನೂ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಿಸಿದೆವು.

ಅನಂತರ ಬಂದದ್ದೇ ಮುಖ್ಯವಾದ ಪ್ರಶ್ನೆ. "ನೀವು ಮಾತಿಗೆ ತಪ್ಪುವವರಲ್ಲ. ಆದರೆ ನಾಳೆ ನಿಮ್ಮ ಮಕ್ಕಳು ಮನೆಯನ್ನು ಮಾರಿದರೆ, ಕೊಂಡವರು ನಮ್ಮನ್ನು ಪರೀಕ್ಷೆಯ ಹೊತ್ತಿಗೆ ಹೊರಡಿಸಿದರೆ?" ಎಂದು ಆಕೆ ಕೇಳಿದರು. ಮೂರು ವರ್ಷದ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು, ರುಜು ಹಾಕಿ, ಪೆಟ್ಟಿಗೆಯಲ್ಲಿಟ್ಟುಕೊಂಡವರು ಎಷ್ಟೋ ಮಂದಿ ಇದ್ದಾರೆ. ರಿಜಿಸ್ಟರು ಆಗದ ಅಂಥ ಪತ್ರವು ಮೂರು ವರ್ಷದ ಹಕ್ಕಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಲಾರದು. ವಾಸದ ಮನೆಯ ಬಾಡಿಗೆಯು ಆಗ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೆಂದಾಗಿ, 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ 15 ದಿನದ ನೋಟೀಸಿನಿಂದ ಮುಗಿದುಹೋಗಬಹುದು. ಯಜಮಾನನಿಗೂ ಅಷ್ಟೇ: ಮೂರನೆಯ ವರ್ಷದ 8,820ನ್ನು ಆ ಪತ್ರದ ಬಲದಿಂದ ಕೇಳುವುದು ಕಷ್ಟ. ರಿಜಿಸ್ಟರು ಆದ ಪತ್ರದ ಬಲವೇ ಬೇರೆ. ಮನೆಯನ್ನು ಕೊಂಡವನು ಯಜಮಾನನ ಹಕ್ಕಿನ ಜೊತೆಗೆ ಅವನ ಬಾಧ್ಯತೆಯನ್ನೂ ಹೊತ್ತುಕೊಳ್ಳುವನು. ಉಳಿದ ಅವಧಿಯನ್ನು ಅವನೂ ನಡೆಯಿಸಿಕೊಡಬೇಕು. ನನ್ನ ಮಕ್ಕಳಿಗೂ ಇದೇ ಮಾತು. ಇದನ್ನು ಹೇಳಿದಮೇಲೆ ಆಕೆಯ ಮುಖದಲ್ಲಿ ಸಮಾಧಾನ ಕಂಡಿತು.

ಆದರೆ ಮೂರು ವರ್ಷದ ಕರಾರು ಬಾಡಿಗೆಯವರಿಗೆ ಸಂಕೋಲೆಯೂ ಆಗಬಾರದು. ಹರಿಹರದವನಾದ ನನಗೆ ಇದನ್ನು ಯಾರೂ ಕಲಿಸಬೇಕಾದದ್ದಿಲ್ಲ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸಂಬಳದ ಮೇಲೆ ನಮ್ಮೂರಿನ ಎಷ್ಟೋ ಸಂಸಾರಗಳು ನಿಂತಿದ್ದವು. ಅದು ನಿಂತುಹೋದಾಗ, ಏರುತ್ತಲೇ ಇರುವುದೆಂಬ ಭರವಸೆ ಯಾವುದಕ್ಕೂ ಇಲ್ಲವೆಂಬುದು ತಿಳಿಯಿತು. ಸಂಬಳ ನಿಂತರೂ ನಿಗದಿಯಾದ ಏರಿಕೆ ನಿಲ್ಲದು. ಈ ವಿಧದ ಕರಾರಿನ ದೋಷ ಅದೇ. ಆದಕಾರಣ, ಮೊದಲನೆಯ ವರ್ಷ ಕಳೆದ ಮೇಲೆ ಎರಡು ತಿಂಗಳು ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಿ ಬಾಡಿಗೆಯವರು ಬಿಡಬಹುದು, ಮುಂಗಡವು ಪೂರ್ತಿಯಾಗಿ ಹಿಂದಿರುಗತಕ್ಕದ್ದು ಎಂದು ಸೇರಿಸಿದೆವು. ಯಜಮಾನನಾದ ನಾನು ಮಾತ್ರ, ಎರಡು ತಿಂಗಳ ಬಾಡಿಗೆ ನಿಂತರೆ, ಒಳಬಾಡಿಗೆಗೆ ಕೊಟ್ಟರೆ, ಇಲ್ಲವೆ ಮನೆಯನ್ನು ಕೆಡಿಸಿದರೆ ಹೊರತು ಅವಧಿಗೆ ಮುಂಚೆ ಬಿಡಿಸುವಂತಿಲ್ಲ. ಬಿಡುವ ಹಕ್ಕು ಒಂದೇ ಕಡೆಗೆ ಹೆಚ್ಚಾಯಿತಲ್ಲವೆ ಎಂದು ಸ್ನೇಹಿತರೊಬ್ಬರು ಆಕ್ಷೇಪಿಸಿದರು. ಮನೆ ನನ್ನಲ್ಲಿಯೇ ಉಳಿಯುವುದು; ಸಂಸಾರವನ್ನು ಎತ್ತಿಕೊಂಡು ಹೋಗಬೇಕಾದವರು ಅವರು ಎಂದು ನಾನು ಉತ್ತರ ಕೊಟ್ಟೆನು.

ದಾವಣಗೆರೆಯ ಕಚೇರಿಯಲ್ಲಿ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಪತ್ರಕ್ಕೆ ನಾನೂ ಮೇಷ್ಟ್ರೂ ಇಬ್ಬರೂ ರುಜು ಹಾಕಬೇಕು. ಯಜಮಾನನೊಬ್ಬನ ರುಜು ಸಾಲದು. ಇಬ್ಬರು ಸಾಕ್ಷಿಗಳು ಬಂದಿದ್ದರು. ರುಜುವಾದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ಕಚೇರಿಗೆ ಹಾಜರುಪಡಿಸಬೇಕೆಂಬ ನಿಯಮವಿರುವುದರಿಂದ ಆಮೇಲೆ ನೋಡೋಣವೆಂದು ಇಟ್ಟುಕೊಳ್ಳುವುದು ಸಲ್ಲದು. ಛಾಪಾ ಶುಲ್ಕವನ್ನು ವರ್ಷದ ಸರಾಸರಿ ಬಾಡಿಗೆ, ಮುಂಗಡ ಇವುಗಳ ಮೇಲೆ ಲೆಕ್ಕ ಹಾಕುವರು. ಆ ಖರ್ಚನ್ನು ಅರ್ಧರ್ಧ ಹಂಚಿಕೊಂಡೆವು. ಮೂರು ವರ್ಷಕ್ಕೆ ಒಂದು ಸಲದ ಖರ್ಚು ಇದು.

ಪತ್ರದ ಅವಧಿ 2028ರ ಮೇ 31ಕ್ಕೆ ತೀರುವುದು. ಆಮೇಲೆಯೂ ಅವರು ಇದ್ದು, ನಾನು ಬಾಡಿಗೆಯನ್ನು ತೆಗೆದುಕೊಂಡರೆ, ಅದು ಮತ್ತೆ ಮೂರು ವರ್ಷವಾಗದೆ ತಿಂಗಳ ಬಾಡಿಗೆಯಾಗಿ ಮಾತ್ರ ನಡೆಯುವುದು. ಆದುದರಿಂದ ಆ ವರ್ಷದ ಜನವರಿಯಲ್ಲಿಯೇ, ಹುಡುಗಿಯ ಪರೀಕ್ಷೆಯ ಗಡಿಬಿಡಿ ಮೊದಲಾಗುವುದಕ್ಕೆ ಮುಂಚೆ, ಮುಂದಿನ ಮಾತನ್ನು ಕೂತು ಆಡುವುದೆಂದು ನಿಶ್ಚಯಿಸಿದ್ದೇವೆ. ಅಲ್ಲಿಯವರೆಗೆ ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ಬಾಡಿಗೆ, ಹಣ ಬಂದ ದಿನವೇ ರಸೀದಿ.