ಹದಿನೇಳು ಅಂಕ ಕೊಟ್ಟು ವಾಪಸ್ ಪಡೆದದ್ದು

ನಾನು ಭೌತಶಾಸ್ತ್ರ ಮತ್ತು ಗಣಿತ ಬೋಧನಾ ವಿಷಯದ ಪ್ರಶಿಕ್ಷಣಾರ್ಥಿ. ವ್ಯವಹಾರ ಅಧ್ಯಯನಕ್ಕೂ ನನಗೂ ಸಂಬಂಧವಿಲ್ಲ. ಆದರೆ ಬೋಧನಾಭ್ಯಾಸಕ್ಕೆ ಹೋಗಿದ್ದ ಸಂಸ್ಥೆಯಲ್ಲಿ ಪಿಯು ವಿಭಾಗವೂ ಇತ್ತು. ಅಲ್ಲಿನ ವಾಣಿಜ್ಯ ಉಪನ್ಯಾಸಕಿ ಒಂದು ವಾರ ರಜೆ ಹಾಕಿದಾಗ ಮೂವತ್ತನಾಲ್ಕು ಪ್ರಕರಣ ಅಧ್ಯಯನದ ವರದಿಗಳು ನನ್ನ ಮೇಜಿಗೆ ಬಂದವು. "ಮೊದಲ ಓದು ನೀವು ಮುಗಿಸಿಡಿ, ಅಂತಿಮವಾಗಿ ಮೇಡಂ ನೋಡ್ತಾರೆ" ಎಂದರು ಪ್ರಾಂಶುಪಾಲರು.

ಪ್ರಕರಣ ಟಾಟಾ ನ್ಯಾನೋ ಕಾರಿನದು. 2009ರಲ್ಲಿ ಒಂದು ಲಕ್ಷ ರೂಪಾಯಿಯ ಕಾರು ಎಂದು ದೊಡ್ಡ ಸುದ್ದಿಯಾಗಿ ಬಂದು, ಮೊದಲ ಖರೀದಿದಾರರನ್ನು ಲಾಟರಿ ಎತ್ತಿ ಆರಿಸಬೇಕಾದಷ್ಟು ಬೇಡಿಕೆ ಕಂಡ ವಾಹನ ಅದು. 2010ರ ಜುಲೈನಲ್ಲಿ ಸುಮಾರು ಒಂಬತ್ತು ಸಾವಿರ ಕಾರು ಮಾರಾಟವಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ಮಾರಾಟವಾದದ್ದು 509. ಸಾನಂದ್ ಕಾರ್ಖಾನೆಯ ಸಾಮರ್ಥ್ಯವೋ ವರ್ಷಕ್ಕೆ ಎರಡೂವರೆ ಲಕ್ಷ. ಇಷ್ಟು ಮಾಹಿತಿ ಕೊಟ್ಟು, "ಪ್ರಕರಣವನ್ನು ವಿಶ್ಲೇಷಿಸಿ, ಸೂಕ್ತ ಸಲಹೆ ನೀಡಿ" ಎಂದು ಕೇಳಲಾಗಿತ್ತು. ಒಟ್ಟು ಅಂಕ 20.

ಮೂರನೆಯ ವರದಿ ಒಬ್ಬ ವಿದ್ಯಾರ್ಥಿನಿಯದು. ಎಂಟು ಪುಟ, ಮುತ್ತಿನಂಥ ಅಕ್ಷರ. ಸಿಂಗೂರಿನ ಭೂ ವಿವಾದ, 2008ರಲ್ಲಿ ಗುಜರಾತಿಗೆ ಸ್ಥಳಾಂತರ, ಹಿಂಬದಿಯ 624 ಸಿಸಿ ಎಂಜಿನ್, ಕೆಲವು ಕಾರುಗಳಿಗೆ ಬೆಂಕಿ ತಗುಲಿದ ಘಟನೆಗಳು, ಎಲ್ಲವೂ ಇದ್ದವು. ಕೊನೆಯ ಎರಡು ಪುಟಗಳಲ್ಲಿ ನಾಲ್ಕು ಮನೆಯ ಸ್ವಾಟ್ ಕೋಷ್ಟಕ: ಬಲ, ದೌರ್ಬಲ್ಯ, ಅವಕಾಶ, ಅಪಾಯ. ಕಡೆಯ ವಾಕ್ಯ ಹೀಗಿತ್ತು: "ಆದ್ದರಿಂದ ಕಂಪನಿಯು ಮಾರಾಟ ಹೆಚ್ಚಿಸಲು ಸೂಕ್ತ ಕ್ರಮಗಳನ್ನು ಕೈಗೊಳ್ಳುವುದು ಅಗತ್ಯವಾಗಿದೆ." ನಾನು ಓದಿ ಖುಷಿಪಟ್ಟು 17 ಹಾಕಿದೆ. ಹನ್ನೊಂದನೆಯದು ಒಬ್ಬ ಹುಡುಗನದು. ಎರಡೂವರೆ ಪುಟ, ಗೀಚಿದ ಅಕ್ಷರ, ಎರಡು ಇಸವಿ ತಪ್ಪು. ಅದಕ್ಕೆ 10 ಕೊಟ್ಟೆ.

ಮೇಡಂ ರಜೆ ಮುಗಿಸಿ ಬಂದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಹುಡುಗಿಯ ವರದಿಯನ್ನು ನನ್ನ ಕಡೆ ತಿರುಗಿಸಿ, "ನೋಡಮ್ಮಾ, ಇದನ್ನ ಆ ಕಂಪನಿ ಮ್ಯಾನೇಜರ್ ಕೈಗೆ ಕೊಟ್ಟರೆ ಸೋಮವಾರ ಬೆಳಗ್ಗೆ ಅವನು ಏನು ಮಾಡಬೇಕು?" ಎಂದು ಕೇಳಿದರು. ನಾನು ಪುಟ ತಿರುವಿದೆ. ಉತ್ತರ ಸಿಗಲಿಲ್ಲ. "ಸೂಕ್ತ ಕ್ರಮ" ಯಾವುದು, ಯಾವುದನ್ನು ಮೊದಲು ಮಾಡಬೇಕು, ಏಕೆ, ಯಾವುದೂ ಇರಲಿಲ್ಲ. ಆ ವಾಕ್ಯವನ್ನು ನ್ಯಾನೋ ಬಿಟ್ಟು ಸೋಪು, ಬಿಸ್ಕತ್ತು, ಸೈಕಲ್ ಯಾವ ಪ್ರಕರಣದ ಕೊನೆಯಲ್ಲಾದರೂ ಅಂಟಿಸಬಹುದಿತ್ತು.

ಅವರು ಬಳಸುತ್ತಿದ್ದ ಅಂಕ ಹಂಚಿಕೆ ಸರಳವಾಗಿತ್ತು. ಸಂಗತಿಗಳಿಗೆ 5, ಸಮಸ್ಯೆ ಗುರುತಿಸಿದ್ದಕ್ಕೆ 5, ಪರ್ಯಾಯಗಳನ್ನು ತೂಗಿ ನೋಡಿದ್ದಕ್ಕೆ 5, ಶಿಫಾರಸು ಮತ್ತು ಅದರ ಕಾರಣಕ್ಕೆ 5. ಆ ಹಾಳೆ ನನ್ನ ಬಳಿಯೂ ಇತ್ತು. ಆದರೆ ನಾನು ಅದನ್ನು ಪಕ್ಕಕ್ಕಿಟ್ಟು, ಒಟ್ಟಾರೆ ಮೆಚ್ಚಿಕೆಗೆ ಅಂಕ ಹಾಕಿದ್ದೆ. ಈಗ ಬಿಡಿಸಿ ಹಾಕಿದಾಗ ಹುಡುಗಿಗೆ 5, 3, 1, 0, ಒಟ್ಟು 9. ಹುಡುಗನಿಗೆ 2, 4, 3, 4, ಒಟ್ಟು 13. ಕ್ರಮವೇ ತಲೆಕೆಳಗಾಯಿತು.

ಹುಡುಗ ಬರೆದದ್ದೇನು? ಸ್ಕೂಟರ್ ಓಡಿಸುವ ಸಂಸಾರಕ್ಕೆಂದು ಮಾಡಿದ ಕಾರನ್ನು ಅದೇ ಸಂಸಾರ ಕೊಳ್ಳುತ್ತಿಲ್ಲ. ಏಕೆಂದರೆ ಬೆಂಕಿಯ ಭಯ ಒಂದು, ಬ್ಯಾಂಕ್ ಸಾಲ ಸಿಗದಿರುವುದು ಇನ್ನೊಂದು. ಹಾಗಾಗಿ ಮೊದಲು ಸುರಕ್ಷತೆಯ ಭರವಸೆ, ವಾರಂಟಿ ವಿಸ್ತರಣೆ. ಆಮೇಲೆ ಸುಲಭ ಸಾಲ, ತಾಲ್ಲೂಕು ಕೇಂದ್ರಗಳಲ್ಲಿ ಸಣ್ಣ ಮಳಿಗೆ. ಜಾಹೀರಾತು ಕೊನೆಗೆ, ಏಕೆಂದರೆ ಭಯ ಹೋಗುವ ಮೊದಲು ಜಾಹೀರಾತು ಮಾಡಿದರೆ ದುಡ್ಡು ದಂಡ. ಕಂಪನಿಯೂ ಆ ಚಳಿಗಾಲದಲ್ಲಿ ವಾರಂಟಿಯನ್ನು ನಾಲ್ಕು ವರ್ಷಕ್ಕೆ ಏರಿಸಿತು, ಸಾಲದ ವ್ಯವಸ್ಥೆಯನ್ನೂ ಸುಲಭ ಮಾಡಿತು ಎಂದು ಮೇಡಂ ಹೇಳಿದರು. ಆದರೆ ಅದಕ್ಕಾಗಿ ಹುಡುಗನಿಗೆ ಅಂಕ ಬಂದದ್ದಲ್ಲ. ಕಂಪನಿ ಬೇರೇನನ್ನೋ ಮಾಡಿದ್ದರೂ ಅವನ ತರ್ಕಕ್ಕೆ ಆ ಅಂಕ ಸಲ್ಲುತ್ತಿತ್ತು. "ಜಾಹೀರಾತು ಹೆಚ್ಚಿಸಬೇಕು" ಎಂದಷ್ಟೇ ಬರೆದ ಇನ್ನೊಬ್ಬನಿಗೆ ಶಿಫಾರಸಿನಲ್ಲಿ 1 ಅಂಕ ಸಿಕ್ಕಿತ್ತು.

ಶಿಫಾರಸು ಎನ್ನುವುದು ವರದಿಯ ಬಾಲದಲ್ಲಿ ಸೇರಿಸುವ ಎರಡು ಸಾಲು ಎಂದು ನಾನು ಅಂದುಕೊಂಡಿದ್ದೆ. ಹುಡುಗಿಯ ಸ್ವಾಟ್ ಕೋಷ್ಟಕವನ್ನು ಮತ್ತೆ ಓದಿದಾಗ ಅದು ತಪ್ಪೆಂದು ತಿಳಿಯಿತು. ಬಲದ ಮನೆಯಲ್ಲಿ "ಅತಿ ಕಡಿಮೆ ಬೆಲೆ" ಎಂದಿತ್ತು. ದೌರ್ಬಲ್ಯದ ಮನೆಯಲ್ಲಿ "ಅಗ್ಗದ ಕಾರು ಎಂಬ ಹೆಸರು" ಎಂದಿತ್ತು. ಎರಡೂ ಒಂದೇ ಸಂಗತಿ. ಅದನ್ನು ಎರಡು ಮನೆಯಲ್ಲಿ ಬರೆದು ಅವಳು ಮುಂದೆ ಹೋಗಿದ್ದಳು. ಕೋಷ್ಟಕದಲ್ಲಿ ಅವೆರಡೂ ಅಕ್ಕಪಕ್ಕ ಜಗಳವಿಲ್ಲದೆ ಕೂರುತ್ತವೆ. ಸಲಹೆ ಕೊಡಲು ಹೊರಟರೆ ಮಾತ್ರ ಜಗಳ ಕಾಣುತ್ತದೆ: ಬೆಲೆಯನ್ನೇ ಹಿಡಿದು ಸ್ಕೂಟರ್‌ನವರ ಬಳಿ ಹೋಗಬೇಕೋ, ಅಗ್ಗದ ಮಾತು ಬಿಟ್ಟು ನಗರದಲ್ಲಿ ಎರಡನೇ ಕಾರು ಕೊಳ್ಳುವವರ ಬಳಿ ಹೋಗಬೇಕೋ? ಮಳಿಗೆ ಎಲ್ಲಿ, ಸಾಲ ಯಾರಿಗೆ ಎಂಬುದೆಲ್ಲ ಈ ಆಯ್ಕೆಯ ಮೇಲೆ ನಿಂತಿದೆ. ಎಂದರೆ ಅವಳು ಸಂಗತಿಗಳನ್ನು ಎಷ್ಟು ಅರ್ಥ ಮಾಡಿಕೊಂಡಿದ್ದಾಳೆ ಎಂದು ಅಳೆಯಲು ನನ್ನ ಬಳಿ ಸಾಧನವೇ ಇರಲಿಲ್ಲ. ಎಂಟು ಪುಟ ಓದಿದ ಮೇಲೂ.

ನಾನು ಮೋಸ ಹೋದದ್ದಕ್ಕೆ ಅಕ್ಷರವೊಂದೇ ಕಾರಣವಲ್ಲ. ಬಿಎಸ್ಸಿಯ ಮೂರು ವರ್ಷ ಪ್ರಾಕ್ಟಿಕಲ್ ರೆಕಾರ್ಡ್ ಬರೆದವಳು ನಾನು. ಲೋಲಕದ ಪ್ರಯೋಗದಲ್ಲಿ ವಾಚನಗಳು ಹೇಳುವುದಕ್ಕಿಂತ ಒಂದು ಮಾತು ಹೆಚ್ಚು ಬರೆದರೆ ಕೆಂಪು ಗೆರೆ ಬೀಳುತ್ತಿತ್ತು. ಆದ್ದರಿಂದ ನಿರ್ಧಾರಕ್ಕೆ ಕೈ ಹಾಕದೆ ನಿಂತ ವರದಿ ನನಗೆ ಶಿಸ್ತಿನಂತೆ ಕಂಡಿತು, ಹುಡುಗನ ವರದಿ ಅವಸರದಂತೆ ಕಂಡಿತು. ಮ್ಯಾನೇಜರಿಗಾದರೋ ಮಾಹಿತಿ ಪೂರ್ತಿಯಾಗುವವರೆಗೆ ಕಾಯುವ ಅನುಕೂಲವಿಲ್ಲ. ಅವನು ಕಾದರೆ ಅದೂ ಒಂದು ನಿರ್ಧಾರವೇ, ಡಿಸೆಂಬರಿನ ಮಾರಾಟದಲ್ಲಿ ಅದರ ಬೆಲೆ ಕಾಣುತ್ತದೆ.

ಅವಳನ್ನು ಕರೆದು ಮಾತನಾಡಿದೆ. 9 ಎಂದು ಕೇಳಿ ಕಣ್ಣು ತುಂಬಿಕೊಂಡಳು. ಸಲಹೆ ಏಕೆ ಬರೆಯಲಿಲ್ಲ ಎಂದಾಗ, "ಅಷ್ಟು ದೊಡ್ಡ ಕಂಪನಿಯವರಿಗೆ ಹೀಗೆ ಮಾಡಿ ಅಂತ ನಾನು ಹೇಳೋದು ಹೆಂಗೆ ಮಿಸ್? ಅವರಿಗೆ ಗೊತ್ತಿರಲ್ವಾ?" ಎಂದಳು. ಇದಕ್ಕೆ ನಾನು ಸಿದ್ಧಳಿರಲಿಲ್ಲ. ದೊಡ್ಡವರಿಗೆ ಬುದ್ಧಿ ಹೇಳಬಾರದೆಂದು ಬೆಳೆಸಿದ ಮಗುವಿಗೆ "ಸೂಕ್ತ ಸಲಹೆ ನೀಡಿ" ಎಂಬ ಮೂರು ಪದ ಸಾಲದು. ಅಂಕ ಹಂಚಿಕೆಯ ಹಾಳೆಯನ್ನೂ ಅವರಿಗೆ ಮೊದಲೇ ಯಾರೂ ತೋರಿಸಿರಲಿಲ್ಲ.

ಮೇಡಂ ಒಪ್ಪಿಗೆ ಪಡೆದು ಪ್ರಶ್ನೆಯನ್ನು ಹೀಗೆ ತಿದ್ದಿದೆ: "ಇಂದು 2010ರ ಡಿಸೆಂಬರ್ 1. ನೀವು ಮಾರಾಟ ವಿಭಾಗದ ಮುಖ್ಯಸ್ಥರು. ಮುಂದಿನ ಮೂರು ತಿಂಗಳಲ್ಲಿ ಮಾಡುವ ಒಂದು ಕೆಲಸವನ್ನು ಆರಿಸಿ. ಏಕೆ ಅದು, ಏಕೆ ಇನ್ನೊಂದಲ್ಲ, ಅದು ಸೋಲುತ್ತಿದೆ ಎಂದು ಹೇಗೆ ತಿಳಿಯುತ್ತದೆ, ಒಂದು ಪುಟದಲ್ಲಿ ಬರೆಯಿರಿ." ಕಂಪನಿಯ ಇತಿಹಾಸ ಬರೆಯಕೂಡದು ಎಂದೂ ಸೇರಿಸಿದೆ. ಶಿಫಾರಸಿಲ್ಲದ ವರದಿ ಬರೆದಿದ್ದ ಹದಿನಾಲ್ಕು ಮಂದಿಯನ್ನು ಮಧ್ಯಾಹ್ನ ಕೂರಿಸಿ ಬರೆಸಿದೆವು.

ಅವಳು ನಗರದ ಎರಡನೇ ಕಾರಿನ ದಾರಿ ಹಿಡಿದಿದ್ದಳು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಕಾರ್ಖಾನೆಯ ಎರಡೂವರೆ ಲಕ್ಷವನ್ನು ಆ ಗಿರಾಕಿಗಳು ತುಂಬಲಾರರು. ಆದರೆ ಆ ಆಕ್ಷೇಪವನ್ನು ಅವಳೇ ಬರೆದು, ಮೊದಲು ಹೆಸರು ಬದಲಾಗಲಿ, ಸಂಖ್ಯೆ ಆಮೇಲೆ ಎಂದು ಉತ್ತರವನ್ನೂ ಕೊಟ್ಟಿದ್ದಳು. ಶಿಫಾರಸಿಗೆ 4, ಪರ್ಯಾಯಕ್ಕೆ 4 ಹಾಕಿದೆ. ಹಳೆಯ 9ಕ್ಕೆ ಅದನ್ನು ಸೇರಿಸಬೇಕೇ ಬೇಡವೇ ಎಂದು ಮೇಡಂ ಎರಡು ದಿನ ಯೋಚಿಸಿದರು. ಸೇರಿಸಿದರೆ ಮೊದಲ ಸಲವೇ ಧೈರ್ಯ ಮಾಡಿದ ಆ ಹುಡುಗನಿಗೆ ಅನ್ಯಾಯವೆಂದರು. ಸೇರಿಸದಿದ್ದರೆ ಪ್ರಶ್ನೆಯನ್ನು ಸರಿಯಾಗಿ ಕೇಳದ ತಪ್ಪು ನಮ್ಮದೇ ಎಂದೆ ನಾನು. ನನ್ನ ಬೋಧನಾಭ್ಯಾಸ ಮುಗಿದ ದಿನವೂ ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದ ಎರಡು ಅಂಕಗಳಿದ್ದವು.