ಒಂದು ಪುಟದ ಕೃತಜ್ಞತೆ

ಉಮ್ಮ ನಮ್ಮನ್ನಗಲಿ ಎರಡು ತಿಂಗಳಾಗಿದ್ದವು. ಒಂದು ರಾತ್ರಿ ಮಕ್ಕಳು ಮಲಗಿದ ಬಳಿಕ ನಾವು ದಂಪತಿಗಳಿಬ್ಬರೂ ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತೆವು. ನಮ್ಮ ಕಚೇರಿಯ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆಯಬೇಕಿತ್ತು. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರನು ಎಂಬರ್ಥದ ಪ್ರವಾದಿವರ್ಯರ(ಸ) ವಚನವನ್ನು ಬಾಲ್ಯದಿಂದಲೇ ಕೇಳಿ ಬೆಳೆದವರು ನಾವು. ಆದರೂ ಆ ಪತ್ರವನ್ನು ಬರೆಯಲು ನಮಗೆ ಮೂರು ರಾತ್ರಿಗಳು ಬೇಕಾದವು.

ಉಮ್ಮನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದು ಕಳೆದ ಸೆಪ್ಟೆಂಬರಿನಲ್ಲಿ. ಮಂಗಳವಾರ, ಗುರುವಾರ, ಶನಿವಾರ, ಹೀಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕೆಂದು ವೈದ್ಯರು ಹೇಳಿದರು. ಯಂತ್ರದ ಮುಂದೆ ನಾಲ್ಕು ಗಂಟೆಗಳೇ ಆದರೂ ದಿನದ ಅರ್ಧ ಅದಕ್ಕೇ ಸಲ್ಲುತ್ತದೆ. ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವವರೆಗೆ ತೋಳನ್ನು ಒತ್ತಿ ಹಿಡಿಯಬೇಕು. ಕೆಲವು ದಿನ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ, ಕಾಲು ಸೆಳೆಯುತ್ತದೆ. ಆಗ ರೋಗಿಯನ್ನು ಒಡನೆ ಎಬ್ಬಿಸುವಂತಿಲ್ಲ. ಆಸ್ಪತ್ರೆಯಲ್ಲಿ ನಮಗೆ ಸಿಕ್ಕ ಸರದಿ ಮಧ್ಯಾಹ್ನ ಒಂದೂವರೆಯದು. ಬೆಳಗಿನ ಸರದಿಗಳೆಲ್ಲ ಮೊದಲೇ ಭರ್ತಿಯಾಗಿದ್ದವು. ನಮ್ಮಲ್ಲಿ ಒಬ್ಬರ ಮಡಿಲಲ್ಲಿ ನಾಲ್ಕು ತಿಂಗಳ ಹಸುಗೂಸು. ಇನ್ನೊಬ್ಬರು ಔಷಧಿಗಳ ಸಗಟು ವ್ಯಾಪಾರದ ಒಂದು ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುವವರು. ರಜೆಗಳನ್ನು ಎಣಿಸಿದರೆ ಆರು ವಾರಗಳಿಗೂ ಸಾಲುತ್ತಿರಲಿಲ್ಲ.

ವಿಷಯ ತಿಳಿಸಿದಾಗ ವ್ಯವಸ್ಥಾಪಕರು "ಏನಾದರೂ ಬೇಕಿದ್ದರೆ ಹೇಳಿ" ಎನ್ನಲಿಲ್ಲ. ಆ ಮಾತನ್ನು ಆ ದಿನಗಳಲ್ಲಿ ನಾವು ಬಹಳ ಮಂದಿಯಿಂದ ಕೇಳಿದ್ದೆವು. ಅವರದು ಒಳ್ಳೆಯ ಮನಸ್ಸೇ ಆಗಿತ್ತು. ಆದರೆ ಏನು ಕೇಳಬೇಕೆಂದು ಯೋಚಿಸುವ ಶಕ್ತಿಯೇ ಉಳಿಯದವರಿಗೆ ಅದರಿಂದ ಹೆಚ್ಚು ಪ್ರಯೋಜನವಾಗದು. ಇವರು ಕೇಳಿದ್ದು ಎರಡೇ ಪ್ರಶ್ನೆ: "ಯಾವ ಯಾವ ದಿನ? ಎಷ್ಟು ಗಂಟೆಗೆ ಹೊರಡಬೇಕು?" ಬಳಿಕ ಕ್ಯಾಲೆಂಡರನ್ನು ಎದುರಿಗೆಳೆದುಕೊಂಡರು. ಆ ಮೂರು ದಿನ ಬೆಳಗ್ಗೆ ಏಳಕ್ಕೆ ಬಂದು ಹನ್ನೆರಡೂವರೆಗೆ ಹೊರಡುವುದು. ಉಳಿದ ಕೆಲಸವನ್ನು ರಾತ್ರಿ ಮನೆಯಿಂದ ಮುಗಿಸುವುದು. ಕಚೇರಿ ತೆರೆಯುವುದು ಒಂಬತ್ತಕ್ಕಾದ್ದರಿಂದ ಕಾವಲುಗಾರನಿಗೆ ತಾವೇ ಹೇಳಿ ಬೀಗದ ಕೈ ಕೊಡಿಸಿದರು. ಪ್ರತಿ ತಿಂಗಳು ಇಪ್ಪತ್ತರೊಳಗೆ ಸಲ್ಲಿಸಬೇಕಾದ ಜಿ.ಎಸ್.ಟಿ. ರಿಟರ್ನ್ ಮಾತ್ರ ಹಗಲಿನಲ್ಲೇ ಕುಳಿತು ಮಾಡಬೇಕಾದ ಕೆಲಸ. "ಅದು ನನಗಿರಲಿ" ಎಂದರು. ಎಂಟು ತಿಂಗಳು ಅದನ್ನು ಅವರೇ ಮಾಡಿದರು.

ಒಮ್ಮೆ ಅವರು ಇಲ್ಲವೆಂದೂ ಹೇಳಿದರು. ಮಾರ್ಚ್ 31ರ ದಾಸ್ತಾನು ಎಣಿಕೆಯ ದಿನ ಬೇಗ ಹೊರಡಲು ಬಿಡಲಾಗದು, ಬೇರೆ ಯಾರನ್ನಾದರೂ ಆಸ್ಪತ್ರೆಗೆ ಕಳುಹಿಸಿ ಎಂದು ಒಂದು ವಾರ ಮುಂಚೆಯೇ ತಿಳಿಸಿದರು. ಆ ದಿನ ನಮಗೆ ಬೇಸರವಾಗಿತ್ತು. ಮಾವನ ಮಗ ರಜೆ ಹಾಕಿ ಉಮ್ಮನೊಂದಿಗೆ ಹೋದನು. ಅವರು ಹೌದೆಂದುದೆಲ್ಲ ದಾಕ್ಷಿಣ್ಯದ ಮಾತಾಗಿರಲಿಲ್ಲ ಎಂಬುದು ನಮಗೆ ಖಚಿತವಾದದ್ದು ಆ ನಿರಾಕರಣೆಯ ನಂತರವೇ.

ಈಗ ಪತ್ರದ ವಿಷಯ. ಮೊದಲ ರಾತ್ರಿ ಬರೆದದ್ದು ಎರಡೂವರೆ ಪುಟವಾಯಿತು. ಅದರಲ್ಲಿ ಒಂದು ಕಡೆ "ದೇವರಂತೆ ಬಂದಿರಿ" ಎಂಬ ಮಾತು ನುಸುಳಿತ್ತು. ನಮ್ಮ ನಾಡಿನಲ್ಲಿ ಕೃತಜ್ಞತೆಗೆ ಸಲೀಸಾಗಿ ಬಳಕೆಯಾಗುವ ಮಾತದು. ಲೇಖನಿ ನಮಗರಿವಿಲ್ಲದೆ ಅತ್ತ ಸರಿದಿತ್ತು. ತೌಹೀದಿನ ವಿಶ್ವಾಸವಿರುವವರು ಅದನ್ನು ಬರೆಯುವಂತಿಲ್ಲ ಎಂಬುದು ಸರಿಯೇ. ಅದನ್ನು ಹೊಡೆದುಹಾಕಿದ ಮೇಲೆ ಉಳಿದ ವಿಶೇಷಣಗಳತ್ತಲೂ ಕಣ್ಣು ಹರಿಯಿತು: ಕರುಣಾಮಯಿ, ವಿಶಾಲ ಹೃದಯಿ, ಎಂದೆಂದಿಗೂ ಚಿರಋಣಿ. ಮುಖಸ್ತುತಿಯನ್ನು ಪ್ರವಾದಿವರ್ಯರು(ಸ) ಮೆಚ್ಚುತ್ತಿರಲಿಲ್ಲ. ಹೊಗಳಿಸಿಕೊಂಡವನಿಗೆ ಅದರಿಂದ ಹಾನಿಯೆಂದೇ ಎಚ್ಚರಿಸಿದ್ದರು. ಅದಿರಲಿ, ಆ ಪತ್ರವನ್ನು ಯಾವ ವ್ಯವಸ್ಥಾಪಕರಿಗೆ ಬೇಕಾದರೂ ಕಳುಹಿಸಬಹುದಿತ್ತು. ಬೀಗದ ಕೈ ಅದರಲ್ಲಿರಲಿಲ್ಲ. ಇಪ್ಪತ್ತನೆಯ ತಾರೀಖು ಇರಲಿಲ್ಲ.

ಎರಡನೆಯ ರಾತ್ರಿಯ ಚರ್ಚೆ ಬೇರೆಯೇ. ಇದನ್ನು ಮಿಂಚಂಚೆಯಲ್ಲಿ ಕಳುಹಿಸಿ, ಸಂಸ್ಥೆಯ ಮಾಲಕರಿಗೂ ಒಂದು ಪ್ರತಿ ಹಾಕಿದರೆ ಅವರ ಹೆಸರಿಗೆ ಒಳ್ಳೆಯದಲ್ಲವೇ ಎಂದು ನಮ್ಮಲ್ಲೊಬ್ಬರ ವಾದ. ಯೋಚಿಸಿದಾಗ ಎದೆ ಝಲ್ಲೆಂದಿತು. ಅರ್ಧ ದಿನದ ರಜೆ ಹಾಕದೆ ಮಧ್ಯಾಹ್ನವೇ ಹೊರಡುವುದು ಸಂಸ್ಥೆಯ ನಿಯಮದಲ್ಲಿ ಇರಲಿಲ್ಲ. ಅದನ್ನು ಅವರು ತಮ್ಮ ಹೊಣೆಯ ಮೇಲೆ ನಡೆಸಿದ್ದರು. ಕೃತಜ್ಞತೆಯ ಪತ್ರವೇ ಅವರ ವಿರುದ್ಧದ ದಾಖಲೆಯಾಗಬಹುದಿತ್ತು. ಆದ್ದರಿಂದ ಅದು ಕೈಬರಹದಲ್ಲಿ, ಅವರ ಕೈಗೇ ಸೇರಬೇಕು ಎಂದು ನಿರ್ಧರಿಸಿದೆವು. ಕಾಲದ ಬಗ್ಗೆಯೂ ಯೋಚಿಸಿದೆವು. ಸಂಬಳ ಪರಿಷ್ಕರಣೆಯ ಆದೇಶಗಳು ಜೂನ್‌ನಲ್ಲಿ ಬಂದಾಗಿದ್ದವು. ಅದಕ್ಕೂ ಮುಂಚೆ ಕೊಟ್ಟಿದ್ದರೆ ಆ ಪತ್ರಕ್ಕೆ ಇನ್ನೊಂದು ಅರ್ಥ ಅಂಟುತ್ತಿತ್ತು. ಉಡುಗೊರೆಯ ವಿಚಾರವನ್ನು ಇದೇ ಕಾರಣಕ್ಕೆ ಬಿಟ್ಟೆವು.

ಮೂರನೆಯ ರಾತ್ರಿ ಬರೆದದ್ದು ಇದು:

"ಮಾನ್ಯರೇ, ಕಳೆದ ಸೆಪ್ಟೆಂಬರಿನಲ್ಲಿ ತಾವು ದಿನ ಮತ್ತು ಸಮಯವನ್ನು ಮಾತ್ರ ಕೇಳಿ, ವಾರದ ಮೂರು ಮಧ್ಯಾಹ್ನಗಳನ್ನು ನಮಗೆ ಬಿಟ್ಟುಕೊಟ್ಟಿರಿ. ಎಂಟು ತಿಂಗಳು ಇಪ್ಪತ್ತನೆಯ ತಾರೀಖಿನ ಕೆಲಸವನ್ನು ತಾವೇ ಮಾಡಿದಿರಿ. ಸೂಜಿ ಚುಚ್ಚುವಾಗ ತಾಯಿಯವರಿಗೆ ಮಗನ ಕೈ ಹಿಡಿದುಕೊಳ್ಳುವ ಅಭ್ಯಾಸವಿತ್ತು. ಒಂದು ದಿನದ ಹೊರತು ಆ ಕೈ ಅವರಿಗೆ ತಪ್ಪಲಿಲ್ಲ. ಕೊನೆಯ ಗುರುವಾರವೂ ತಪ್ಪಲಿಲ್ಲ. ನಮ್ಮ ಪಾಲಿನ ಕೆಲಸ ಹೊತ್ತ ಸಹೋದ್ಯೋಗಿಗಳಿಗೆ ಬೇರೆಯಾಗಿ ತಿಳಿಸಿದ್ದೇವೆ. ದೇವನು ತಮಗೆ ಒಳಿತಿನ ಪ್ರತಿಫಲ ನೀಡಲಿ ಎಂದು ನಮ್ಮ ಮನೆಯಲ್ಲಿ ಪ್ರಾರ್ಥಿಸುತ್ತೇವೆ."

ಕೆಳಗೆ ಇಬ್ಬರೂ ಸಹಿ ಹಾಕಿದೆವು. ಕೊನೆಯ ವಾಕ್ಯ 'ಜಝಾಕಲ್ಲಾಹು ಖೈರನ್' ಎಂಬುದರ ಆಶಯವೇ. ಅವರು ನಮ್ಮ ಧರ್ಮದವರಲ್ಲವಾದ್ದರಿಂದ ಅವರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಬರೆದೆವು. ಸಹೋದ್ಯೋಗಿಗಳ ಸಾಲು ಸೇರಿದ್ದು ಕಡೆಯ ಗಳಿಗೆಯಲ್ಲಿ. ಅವರು ನಮಗೆ ಕೊಟ್ಟ ಸಮಯದಲ್ಲಿ ಕೆಲವು ಗಂಟೆಗಳು ಪಕ್ಕದ ಮೇಜಿನವರದ್ದಾಗಿದ್ದವು. ಬಿಲ್ಲುಗಳ ತಪಾಸಣೆಯನ್ನು ಸಂಜೆ ಏಳರವರೆಗೆ ಕುಳಿತು ಮಾಡಿದ ಆ ಹುಡುಗನಿಗೆ ಅದೇ ಬೆಳಗ್ಗೆ ನೇರವಾಗಿ ಹೇಳಿದೆವು. ಅವನು ನಾಚಿ ಫೋನ್ ನೋಡತೊಡಗಿದನು.

ಮೇಲಧಿಕಾರಿಗಳಿಗೆ ಏನನ್ನೂ ತಿಳಿಸದಿರುವುದು ಸರಿಯೇ ಎಂಬ ಅಳುಕು ನಮ್ಮಲ್ಲಿ ಈಗಲೂ ಉಳಿದಿದೆ. ಅವರು ದಫನದ ದಿನ ನಮ್ಮ ಮನೆಯಂಗಳದಲ್ಲಿ ಒಂದು ಗಂಟೆ ಮೌನವಾಗಿ ಕುಳಿತಿದ್ದುದನ್ನು ಮಾಲಕರೂ ಕಂಡಿದ್ದರು. ಅಷ್ಟಾದರೂ ಅವರಿಗೆ ತಿಳಿದಿದೆ.

ಮಧ್ಯಾಹ್ನದ ಊಟದ ವಿರಾಮದಲ್ಲಿ ಲಕೋಟೆ ಅವರ ಕೈ ಸೇರಿತು. ನಿಂತಲ್ಲೇ ಓದಿದರು. ಕೊನೆಯ ಗುರುವಾರದ ಸಾಲಿನ ಬಳಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಅಂಗಿಯ ಜೇಬಿನಲ್ಲಿಟ್ಟರು.

"ಹದಿನೆಂಟಾಯಿತು," ಎಂದರು, "ಈ ತಿಂಗಳ ರಿಟರ್ನ್ ನೀವೇ ನೋಡುತ್ತೀರಲ್ಲ?"