ಅಡ್ವಾನ್ಸ್ ಎಂಬ ಪದಕ್ಕೆ ಎರಡು ಅರ್ಥ

ಅಣ್ಣನ ಮಗಳು ದಾವಣಗೆರೆಯಿಂದ ಕೋಲ್ಕತ್ತಾಗೆ ಬಂದದ್ದು 2023ರ ಆಗಸ್ಟ್ ಒಂದರಂದು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಲು ತಾರಾತಲಾದ ಸಂಸ್ಥೆಯಲ್ಲಿ ಸೀಟು ಸಿಕ್ಕಿತ್ತು. ನಾನಿರುವುದು ಸಾಲ್ಟ್ ಲೇಕ್‌ನಲ್ಲಿ. ಅಲ್ಲಿಂದ ದಿನಾ ತಾರಾತಲಾಗೆ ಹೋಗಿ ಬರುವುದೆಂದರೆ ಅರ್ಧ ದಿನ ಬಸ್ಸಿನಲ್ಲೇ ಕಳೆದಂತೆ. ಆಗ ಜೋಕಾ ಮೆಟ್ರೊ ಓಡುತ್ತಿದ್ದದ್ದು ಜೋಕಾದಿಂದ ತಾರಾತಲಾವರೆಗೆ ಮಾತ್ರ. ಅಂದರೆ ನಮ್ಮ ಹುಡುಗಿಗೆಂದೇ ಹಾಕಿಸಿದ ಹಾಗಿತ್ತು. ಹಾಗಾಗಿ ಡೈಮಂಡ್ ಹಾರ್ಬರ್ ರಸ್ತೆಯಿಂದ ಒಳಗೆ ಒಂದು ಗಲ್ಲಿಯಲ್ಲಿ ಪಿಜಿ ಹಿಡಿದೆವು. ಎರಡಂತಸ್ತಿನ ಹಳೆಯ ಮನೆ. ಮೇಲೆ ಎಂಟು ಹುಡುಗಿಯರು, ಕೆಳಗೆ ಮನೆಯೊಡತಿ. ಎಲ್ಲರೂ ಆಕೆಯನ್ನು ಮಾಶಿಮಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಊಟ ಸೇರಿ ತಿಂಗಳಿಗೆ 7,500. ಅಡ್ವಾನ್ಸ್ 15,000. ಅಣ್ಣ ಎಣಿಸಿ ಕೊಟ್ಟ, ಮಾಶಿಮಾ ರಸೀದಿ ಬರೆದರು. ಹತ್ತು ರೂಪಾಯಿಯ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದ್ದ ಒಪ್ಪಂದಕ್ಕೆ ಹುಡುಗಿ ಸಹಿ ಹಾಕಿದಳು, ಅಣ್ಣ 'ಪೋಷಕ' ಎಂಬಲ್ಲಿ ಸಹಿ ಹಾಕಿದ. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಬ್ಯಾಂಕಿನಲ್ಲಿ ದಿನವಿಡೀ ಕಾಗದ ನೋಡುವ ನಾನು ಆ ಒಂದು ಹಾಳೆಯನ್ನು ಓದಲಿಲ್ಲ.

ಡಿಸೆಂಬರ್ ನಾಲ್ಕರಂದು ಹುಡುಗಿ ಮಾಶಿಮಾಗೆ ಬಾಯಲ್ಲಿ ಹೇಳಿದಳು, ಈ ತಿಂಗಳ ಕೊನೆಗೆ ಬಿಡುತ್ತೇನೆ ಎಂದು. ಮೆಟ್ರೊ ನಿಲ್ದಾಣಕ್ಕೆ ಹತ್ತಿರ ಬೇರೆ ಜಾಗ ಸಿಕ್ಕಿತ್ತು, ಊಟದ ತೊಂದರೆಯೂ ಇತ್ತು. ಡಿಸೆಂಬರ್ ಬಾಡಿಗೆ ಕೊಟ್ಟಾಗಿತ್ತು. 31ರಂದು ಟ್ರಂಕು ಇಳಿಸಿ ಲೆಕ್ಕ ಕೇಳಿದರೆ ಮಾಶಿಮಾ ಕೈಗಿತ್ತದ್ದು 3,300 ರೂಪಾಯಿ.

"ಚಿಕ್ಕಪ್ಪಾ, ಹದಿನೈದು ಸಾವಿರದಲ್ಲಿ ಇಷ್ಟೇ ಕೊಟ್ರು" ಅಂತ ಫೋನಿನಲ್ಲಿ ಹೇಳುವಾಗ ಅವಳ ದನಿ ಒಡೆದಿತ್ತು. ಅಣ್ಣ ಅಡಿಕೆ ಮಂಡಿಯಲ್ಲಿ ಗುಮಾಸ್ತ. ಆ ಹಣವನ್ನು ಹೇಗೆ ಹೊಂದಿಸಿದ್ದನೆಂದು ನನಗೆ ಗೊತ್ತು.

ಮರುದಿನ ಹೊಸ ವರ್ಷದ ರಜೆ. ಜೋಕಾಗೆ ಹೋದೆ. ಮಾಶಿಮಾ ಜಗಳವಾಡುವ ಹೆಂಗಸಲ್ಲ. ಸಂದೇಶ್ ತರಿಸಿಕೊಟ್ಟು, ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. 'ಅಡ್ವಾನ್ಸ್' 15,000ದಲ್ಲಿ ಅರ್ಧ, ಅಂದರೆ 7,500, ಅವರ ಪ್ರಕಾರ ಕೊನೆಯ ತಿಂಗಳ ಮುಂಗಡ ಬಾಡಿಗೆ. ಉಳಿದರ್ಧ ಮಾತ್ರ ಸೆಕ್ಯೂರಿಟಿ. ನೋಟಿಸು ತಿಂಗಳ ಒಂದನೇ ತಾರೀಖಿಗೆ ಮುಂಚೆ ಕೊಡಬೇಕಿತ್ತು. ನಾಲ್ಕಕ್ಕೆ ಕೊಟ್ಟದ್ದರಿಂದ ಅದು ಜನವರಿಯಿಂದ ಲೆಕ್ಕ. ಜನವರಿಗೆ ಮುಂಗಡ ಇದೆಯಲ್ಲ, ಹುಡುಗಿ 31ರವರೆಗೆ ಇರಲಿ, ನಾನೇನು ಹೋಗು ಅಂದೆನೇ ಎಂದರು. ಸೆಕ್ಯೂರಿಟಿಯಲ್ಲಿ ಮಂಚದ ಹಿಂದಿನ ಗೋಡೆಗೆ ಬಣ್ಣ 3,000, ಗೀಸರಿನ ಕರೆಂಟು 1,200. ಉಳಿದದ್ದು 3,300. ಕೂಡಿಸಿ ಕಳೆದು ನೋಡಿದರೆ ತಪ್ಪಿಲ್ಲದ ಲೆಕ್ಕ.

ತಪ್ಪು ಪದದಲ್ಲಿತ್ತು. ಬೆಂಗಳೂರಿನಲ್ಲಿ, ದಾವಣಗೆರೆಯಲ್ಲಿ ನಮಗೆ ಅಡ್ವಾನ್ಸ್ ಎಂದರೆ ವಾಪಸು ಬರುವ ಹಣ. ಮನೆಯ ಮಾಲೀಕರಲ್ಲಿ ಇಟ್ಟ ಗಂಟು. ಮಾಶಿಮಾಗೆ ಅಡ್ವಾನ್ಸ್ ಎಂದರೆ ಮುಂಚಿತವಾಗಿ ಕೊಟ್ಟ ಬಾಡಿಗೆ. ರಸೀದಿಯಲ್ಲಿ ಇದ್ದದ್ದು ಆ ಒಂದೇ ಪದ, ಮುಂದೆ 15,000 ಎಂಬ ಅಂಕಿ. ಇಬ್ಬರೂ ತಮ್ಮ ತಮ್ಮ ಅರ್ಥಕ್ಕೆ ಸಹಿ ಹಾಕಿದ್ದರು.

ಆಗ ಒಪ್ಪಂದದ ಹಾಳೆಯನ್ನು ಮೊದಲ ಬಾರಿ ಓದಿದೆ. 'ಒಂದು ತಿಂಗಳ ನೋಟಿಸು, ಇಲ್ಲವಾದರೆ ಒಂದು ತಿಂಗಳ ಬಾಡಿಗೆ' ಎಂದಿತ್ತು. ತಿಂಗಳು ಎಂದರೆ ಮೂವತ್ತು ದಿನವೋ, ಒಂದರಿಂದ ಮೂವತ್ತೊಂದೋ ಎಂದು ಇರಲಿಲ್ಲ. ಬಾಯಿಮಾತೋ ಬರಹವೋ ಎಂದೂ ಇಲ್ಲ. ಮೂವತ್ತು ದಿನ ಎಂದಿದ್ದರೆ ಡಿಸೆಂಬರ್ ನಾಲ್ಕರ ನೋಟಿಸು ಜನವರಿ ಮೂರಕ್ಕೆ ಮುಗಿಯುತ್ತಿತ್ತು. ಮೂರು ದಿನದ ಮಾತು ಮೂವತ್ತೊಂದು ದಿನದ ದಂಡವಾಗಿತ್ತು.

ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಪಿಜಿಯಲ್ಲಿ ಅದು ಸಾಮಾನ್ಯವಾಗಿ ಕೈಗೆ ಬರುವುದಿಲ್ಲ. ಮನೆಯ ಬೀಗ, ಅಡುಗೆ, ನಿಯಮ ಎಲ್ಲವೂ ಮಾಲೀಕರ ಕೈಯಲ್ಲೇ ಇದ್ದು, ನಮಗೆ ಸಿಗುವುದು ಒಂದು ಮಂಚವನ್ನು ಬಳಸುವ ಅನುಮತಿ ಅಷ್ಟೆ. ನಾವು ಬಾಡಿಗೆದಾರರಲ್ಲ. ಆದ್ದರಿಂದ ನೋಟಿಸು ಎಷ್ಟು, ಹಣ ಯಾವಾಗ ಎಂಬುದಕ್ಕೆ ಆ ಹಾಳೆಯೇ ಆಧಾರ. ಹಾಳೆಯ ಹಿಂದೆ ಇರುವುದು 1872ರ ಕರಾರು ಕಾಯ್ದೆ.

ಆ ಕಾಯ್ದೆಯ 74ನೇ ಕಲಮು ನಮ್ಮ ಕೆಲಸಕ್ಕೆ ಬಂತು. ಕರಾರು ಮುರಿದರೆ ಇಷ್ಟು ದಂಡ ಎಂದು ಕಾಗದದಲ್ಲಿ ಬರೆದಿದ್ದರೂ ಸಿಗಬೇಕಾದ್ದು ಆ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ ಮಾತ್ರ. ಬರೆದದ್ದು ಮೇಲಿನ ಮಿತಿ, ಕಡ್ಡಾಯ ಮೊತ್ತವಲ್ಲ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಷ್ಟವೇ ಆಗದಿದ್ದರೆ ಮುಂಗಡವಾಗಿ ಇಟ್ಟ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದು ಎಂದಿತು. ನಷ್ಟವನ್ನು ಅಳೆಯುವುದು ಕಷ್ಟವಾದ ಕಡೆ ಮಾತ್ರ, ಮೊದಲೇ ಪ್ರಾಮಾಣಿಕವಾಗಿ ಅಂದಾಜಿಸಿದ ಮೊತ್ತಕ್ಕೆ ಅವಕಾಶ ಉಂಟು. ಪಿಜಿಯ ಮಂಚ ಖಾಲಿ ಇದ್ದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ಅಂದೇ ಇದನ್ನೆಲ್ಲ ಹೇಳಿದ್ದರೆ ಬರಿಯ ವಾದವಾಗುತ್ತಿತ್ತು. ಕಾಯೋಣ ಎಂದು ಎದ್ದು ಬಂದೆ. ಹುಡುಗಿಯ ಹಳೆಯ ರೂಮ್‌ಮೇಟ್ ಜನವರಿ ಏಳರಂದು ಮೆಸೇಜು ಹಾಕಿದಳು, ಆ ಮಂಚಕ್ಕೆ ಹೊಸಬಳು ಬಂದಳೆಂದು. ಒಂದರಿಂದ ಆರರವರೆಗೆ ಆರು ದಿನ ಖಾಲಿ. 7,500ನ್ನು 31ರಿಂದ ಭಾಗಿಸಿ ಆರರಿಂದ ಗುಣಿಸಿದರೆ ಸುಮಾರು 1,450. ನಮ್ಮ ತಡವಾದ ನೋಟಿಸಿನಿಂದ ಮಾಶಿಮಾಗೆ ಆದ ನಷ್ಟ ಅಷ್ಟು.

ಬಣ್ಣದ ಮೂರು ಸಾವಿರಕ್ಕೆ ಉತ್ತರ ಅತ್ತಿಗೆಯ ಫೋನಿನಲ್ಲಿತ್ತು. ಬಂದ ದಿನ ಹುಡುಗಿ ಅಮ್ಮನಿಗೆ ಕೋಣೆ ತೋರಿಸಲು ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದಳು. "ಇಲ್ಲಿ ನೋಡಮ್ಮಾ, ಗೋಡೆ ಹಪ್ಪಳದ ಹಾಗೆ ಉಬ್ಬಿದೆ" ಎಂದು ನಗುತ್ತಾ ಮಂಚದ ಹಿಂದಿನ ಗೋಡೆಯನ್ನೇ ತೋರಿಸಿದ್ದಾಳೆ. ಮಳೆಗಾಲದಲ್ಲಿ ಆ ಕಡೆಯ ಗಲ್ಲಿಗಳಲ್ಲಿ ನೀರು ನಿಲ್ಲುತ್ತದೆ, ಗೋಡೆ ತೇವ ಹೀರುತ್ತದೆ. ವಿಡಿಯೊ ಮೇಲೆ ಆಗಸ್ಟ್ 1, ಸಂಜೆ ಆರೂವರೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ವಕೀಲನೂ ಹುಟ್ಟಿಸಲಾರ.

ಕರೆಂಟಿನ 1,200ಕ್ಕೆ ನಮ್ಮ ಬಳಿ ಏನೂ ಇರಲಿಲ್ಲ. ಕೋಣೆಗೆ ಸಬ್‌ಮೀಟರ್ ಇತ್ತು, ಬಂದ ದಿನದ ರೀಡಿಂಗ್ ಯಾರೂ ಬರೆದುಕೊಂಡಿರಲಿಲ್ಲ. ಅದನ್ನು ಒಪ್ಪಿಕೊಂಡೆವು.

ಇನ್ನೊಂದು ಊಟದ ಲೆಕ್ಕ. ಒಪ್ಪಂದದಲ್ಲಿ 'ಮೂರು ಹೊತ್ತು ಊಟ' ಎಂದಷ್ಟೇ ಇತ್ತು. ನಮ್ಮ ಹುಡುಗಿ ಸಸ್ಯಾಹಾರಿ. ಕಾಲೇಜಿನಲ್ಲಿ ಮೀನು ಹೆಚ್ಚುವುದನ್ನು ಕಲಿಯುತ್ತಾಳೆ, ತಿನ್ನುವುದಿಲ್ಲ. ಇಲ್ಲಿ 'ನಿರಾಮಿಷ್' ಎಂದು ಕೇಳಿದರೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಪೂಜೆಯ ದಿನದ ಅಡುಗೆ ಎಂದುಕೊಳ್ಳುವವರು ಬಹಳ. ಮೀನಿನ ದಿನ ಅವಳ ತಟ್ಟೆಗೆ ಬೀಳುತ್ತಿದ್ದದ್ದು ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಆ ವರ್ಷ ಷಷ್ಠಿ ಅಕ್ಟೋಬರ್ 20ಕ್ಕೆ, ಲಕ್ಷ್ಮೀಪೂಜೆ 28ಕ್ಕೆ. ಅಡುಗೆಯಾಕೆ 19ರಿಂದ 29ರವರೆಗೆ ಊರಿಗೆ ಹೋದರು, ಹನ್ನೊಂದು ದಿನ ಒಲೆ ಹೊತ್ತಲಿಲ್ಲ. ಊಟಕ್ಕೆ ತಿಂಗಳಿಗೆ 3,000 ಎಂದು ಮಾಶಿಮಾ ಬಾಯಲ್ಲಿ ಹೇಳಿದ್ದರು, ಅಂದರೆ ಸುಮಾರು 1,060 ರೂಪಾಯಿ. ಕಾಗದದಲ್ಲಿ ಊಟದ ಬೆಲೆ ಬೇರೆಯಾಗಿ ಇಲ್ಲದ್ದರಿಂದ ಕೇಳಿದೆವು, ಕೊಡಲಿಲ್ಲ, ಬಿಟ್ಟೆವು.

ಜನವರಿ ಎರಡನೇ ಭಾನುವಾರ ವಿಡಿಯೊ, ಮೆಸೇಜು, ಒಂದು ಪುಟದ ಲೆಕ್ಕ ಹಿಡಿದು ಮತ್ತೆ ಹೋದೆ. ಹದಿನೈದು ಸಾವಿರದಲ್ಲಿ 1,450 ಮತ್ತು 1,200 ಕಳೆದು 12,350 ಬರಬೇಕು, 3,300 ಬಂದಿದೆ, ಇನ್ನು 9,050 ಎಂದು ಬರೆದಿದ್ದೆ. ಅವರು ಒಪ್ಪದಿದ್ದರೆ ಏನು ಎಂಬುದನ್ನೂ ಯೋಚಿಸಿಕೊಂಡಿದ್ದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಸೇವೆ' ಎಂಬುದರ ಅರ್ಥದಲ್ಲಿ ಊಟ, ವಸತಿ ಎರಡೂ ಸ್ಪಷ್ಟವಾಗಿ ಸೇರಿವೆ. ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಇಂಥ ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮುಂಚೆ 1915ಕ್ಕೆ ಫೋನು ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಆದರೆ ಒಂಬತ್ತು ಸಾವಿರಕ್ಕೆ ತಿಂಗಳುಗಟ್ಟಲೆ ಅಲೆಯುವ ಮನಸ್ಸು ಯಾರಿಗೂ ಇರಲಿಲ್ಲ. ಮಾಶಿಮಾ ವಿಡಿಯೊವನ್ನು ಎರಡು ಸಲ ನೋಡಿದರು. ಮಗನಿಗೆ ಫೋನು ಮಾಡಿದರು. "ಹೊಸ ಹುಡುಗಿ ಬಂದಳಲ್ಲ, ಇನ್ನೇನು" ಎಂದು ಆ ಕಡೆಯಿಂದ ಅವನೇ ಅಂದದ್ದು ನನಗೂ ಕೇಳಿಸಿತು. 9,050 ಅಂದೇ ಬಂತು.

ಹೊಸ ಪಿಜಿಯ ಒಪ್ಪಂದವನ್ನು ನಾನೇ ಕೂತು ತಿದ್ದಿಸಿದೆ. ಅಡ್ವಾನ್ಸ್ ಎಂಬ ಪದವನ್ನು ಎಲ್ಲ ಕಡೆ ಹೊಡೆದುಹಾಕಿ, 'ವಾಪಸು ಕೊಡಬೇಕಾದ ಠೇವಣಿ, ಕೋಣೆ ಬಿಟ್ಟ ಹದಿನೈದು ದಿನದೊಳಗೆ, ಕಡಿತವಿದ್ದರೆ ಬಿಲ್ಲಿನ ಸಮೇತ' ಎಂದು ಬರೆಸಿದೆ. ನೋಟಿಸು ವಾಟ್ಸ್ಆ್ಯಪ್‌ನಲ್ಲಿ ಕೊಟ್ಟ ದಿನದಿಂದ ಮೂವತ್ತು ದಿನ, ಇಬ್ಬರಿಗೂ ಒಂದೇ. ಅವರು ಬಿಡಿಸಿದರೂ ಅಷ್ಟೇ ದಿನ ಕೊಡಬೇಕು. ಊಟದ ಬೆಲೆ ಬೇರೆ, ಸಸ್ಯಾಹಾರದ ದಿನ ಒಂದು ಪಲ್ಯ ಕಡ್ಡಾಯ, ಅಡುಗೆಮನೆ ಮೂರು ದಿನಕ್ಕಿಂತ ಹೆಚ್ಚು ಮುಚ್ಚಿದರೆ ಊಟದ ಹಣ ಕಡಿತ. ಗೇಟು ರಾತ್ರಿ ಒಂಬತ್ತೂವರೆಗೆ, ಕಾಲೇಜಿನ ಪ್ರಾಕ್ಟಿಕಲ್ ಇದ್ದ ದಿನ ಮೊದಲೇ ತಿಳಿಸಿದರೆ ಹತ್ತೂವರೆಗೆ. ಮನೆಯ ನಿಯಮ ಬದಲಾದರೆ ಬರಹದಲ್ಲಿ, ಮುಂದಿನ ತಿಂಗಳಿಂದ. ಕೊನೆಗೆ ಆ ದಿನದ ಮೀಟರ್ ರೀಡಿಂಗ್.

ಸಹಿಯ ಜಾಗವನ್ನೂ ಬದಲಿಸಿದೆವು. ಆಗಸ್ಟಿನಲ್ಲಿ ಸಹಿ ಹಾಕುವಾಗ ಹುಡುಗಿಗೆ ಹದಿನೆಂಟು ತುಂಬಿರಲಿಲ್ಲ, ಅಕ್ಟೋಬರಿನಲ್ಲಿ ತುಂಬಿತು. ಅಪ್ರಾಪ್ತರ ಕರಾರು ಕರಾರೇ ಅಲ್ಲ ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಮೊಹೊರಿ ಬೀಬಿ ಪ್ರಕರಣ ಹುಟ್ಟಿದ್ದು ಇದೇ ಕಲ್ಕತ್ತಾದಲ್ಲಿ. ಮನೆ ಅಡವಿಟ್ಟ ಹುಡುಗನೊಬ್ಬನಿಂದ ಸಾಲ ಕೊಟ್ಟವನ ಕಡೆಯವರಿಗೆ ಹಣ ವಾಪಸು ಸಿಗಲಿಲ್ಲ. ಪಿಯುಸಿ ಮುಗಿಸಿ ನೇರ ಬರುವ ಮಕ್ಕಳಲ್ಲಿ ಹದಿನೇಳರವರು ಇದ್ದೇ ಇರುತ್ತಾರೆ. ಅಂಥ ಹಾಳೆಯಲ್ಲಿ ತಂದೆ ಅಥವಾ ತಾಯಿ ಬರೀ 'ಪೋಷಕ' ಎಂದಲ್ಲದೆ ಒಪ್ಪಂದದ ಪಕ್ಷವಾಗಿಯೇ ಸಹಿ ಹಾಕಬೇಕು, ಠೇವಣಿಯ ರಸೀದಿ ಅವರ ಹೆಸರಿಗೇ ಬರಬೇಕು. ಕೇಳಲು ಬರುವವರು ಅವರೇ ತಾನೆ?

ಹೊಸ ಮಾಲೀಕರು ಹಾಳೆ ನೋಡಿ, ಇಷ್ಟೆಲ್ಲ ಯಾಕೆ ದಾದಾ, ನಂಬಿಕೆ ಇಲ್ಲವೇ ಎಂದರು. ಹಿಂದಿನ ಮನೆಯಲ್ಲೂ ನಂಬಿಕೆ ಇತ್ತು, ಪದ ಮಾತ್ರ ಬೇರೆಯಾಗಿತ್ತು ಎಂದೆ. ಅವರು ನಕ್ಕು ಸಹಿ ಹಾಕಿದರು. ಹುಡುಗಿ ಅಷ್ಟರಲ್ಲಿ ಮಂಚದ ಹಿಂದಿನ ಗೋಡೆಯ ವಿಡಿಯೊ ತೆಗೆಯುತ್ತಿದ್ದಳು.